ಕಾರಿನ ಬೀಸಣಿಗೆ ಒಂದೇ ವೇಗದಲ್ಲಿ ತಿರುಗುವುದೇಕೆ?

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಕಡಬ ಗ್ರಾಮವನ್ನು ನೋಡಿದವರು ಮೊದಲು ನೆನೆಯುವುದು ಶಿಂಷಾ ನದಿಯ ನೀರನ್ನು ಹಿಡಿದು ನಿಲ್ಲಿಸಿರುವ ಅಲ್ಲಿಯ ದೊಡ್ಡ ಕೆರೆಯನ್ನು. ಆ ಊರಿನಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಮಿತ್ರರೊಬ್ಬರ ಮನೆಗೆ ಒಂದು ಬೇಸಗೆಯಲ್ಲಿ ನಾವು ಹೋಗಿದ್ದೆವು. ಅವರ ಕಾರು ಎಂದಿನಂತೆ ಮನೆಯ ಮುಂದಿನ ಹುಣಿಸೆಯ ಮರದ ನೆರಳಿನಲ್ಲಿ ನಿಂತಿತ್ತು. ಆ ಕಾರಿನಲ್ಲಿ ಕುಳಿತು ಗುಬ್ಬಿಗೆ ಹೊರಟಾಗ ಒಂದು ವಿಚಿತ್ರವು ನಮ್ಮ ಗಮನಕ್ಕೆ ಬಂದಿತು. ಕಾರಿನೊಳಕ್ಕೆ ಗಾಳಿಯನ್ನು ತಳ್ಳುವ ಬೀಸಣಿಗೆಗೆ ನಾಲ್ಕು ವೇಗಗಳುಂಟು. ಗುಂಡಿಯನ್ನು ಒಂದು, ಎರಡು, ಮೂರು ಎಂಬ ಗುರುತುಗಳಿಗೆ ತಿರುಗಿಸಿದರೆ ಗಾಳಿಯ ಸುಳಿವೇ ಇಲ್ಲ. ನಾಲ್ಕಕ್ಕೆ ತಿರುಗಿಸಿದೊಡನೆ ಬಿರುಗಾಳಿಯೇ ಎದ್ದಂತೆ ಬೀಸಣಿಗೆ ಭೋರ್ಗರೆಯಿತು. ಮೂರು ವಾರಗಳ ಹಿಂದೆಯೇ ಒಂದು ಪಟ್ಟಣದ ಕಾರ್ಖಾನೆಯಲ್ಲಿ ಇದೇ ದೋಷಕ್ಕಾಗಿ ಒಂದು ಬಿಡಿಭಾಗವನ್ನು ಬದಲಾಯಿಸಿದ್ದರೆಂದೂ, ಈಗ ಪುನಃ ಮೊದಲಿನ ಸ್ಥಿತಿಯೇ ಬಂದಿದೆಯೆಂದೂ ಮಿತ್ರರು ಬೇಸರಪಟ್ಟುಕೊಂಡರು.

ಕಾರುಗಳಲ್ಲಿ ಬಹು ಸಾಮಾನ್ಯವಾಗಿ ಕಂಡುಬರುವ ದೋಷಗಳಲ್ಲಿ ಇದೂ ಒಂದು. ಇದನ್ನು ಅರ್ಥಮಾಡಿಕೊಳ್ಳಲು ಪ್ರೌಢಶಾಲೆಯಲ್ಲಿ ಕಲಿತ ಎರಡು ನಿಯಮಗಳು ಸಾಕು. 1827ರಲ್ಲಿ ಜರ್ಮನಿಯ ಓಮನು ಪ್ರಕಟಿಸಿದ ನಿಯಮ ಒಂದು. ವಿದ್ಯುತ್ಪ್ರವಾಹದಿಂದ ಹುಟ್ಟುವ ಉಷ್ಣವನ್ನು ಕುರಿತು 1841ರಲ್ಲಿ ಇಂಗ್ಲೆಂಡಿನ ಜೂಲನು ಪ್ರಕಟಿಸಿದ ನಿಯಮ ಮತ್ತೊಂದು. ಈ ಎರಡನ್ನೇ ಹಿಡಿದುಕೊಂಡು, ಬೀಸಣಿಗೆ ಒಂದೇ ವೇಗದಲ್ಲಿ ತಿರುಗುವುದೇಕೆ, ಬದಲಾಯಿಸಿದ ಭಾಗ ಮೂರೇ ವಾರಗಳಲ್ಲಿ ಕೆಟ್ಟದ್ದೇಕೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕೋಣ.

ವೇಗವನ್ನು ತಗ್ಗಿಸುವ ಬಗೆ

ಕಾರಿನ ಬೀಸಣಿಗೆಯನ್ನು ತಿರುಗಿಸುವುದು ಒಂದು ಸಣ್ಣ ನೇರಪ್ರವಾಹದ ಮೋಟಾರು. ಯಂತ್ರ ಓಡುತ್ತಿರುವಾಗ ಅದಕ್ಕೆ ಸುಮಾರು 13 ವೋಲ್ಟುಗಳ ವಿಭವಾಂತರ ದೊರೆಯುತ್ತದೆ. ಅಷ್ಟನ್ನೂ ನೇರವಾಗಿ ಕೊಟ್ಟರೆ ಮೋಟಾರು ಪೂರ್ಣ ವೇಗದಲ್ಲಿ ತಿರುಗುತ್ತದೆ. ವೇಗವನ್ನು ಕಡಮೆ ಮಾಡಬೇಕಾದರೆ ಮೋಟಾರಿನ ಪಾಲಿಗೆ ಬರುವ ವೋಲ್ಟುಗಳನ್ನು ಕಡಮೆ ಮಾಡಬೇಕು. ಅದಕ್ಕೆ ಅತಿ ಸುಲಭವಾದ ಉಪಾಯವೆಂದರೆ ಮೋಟಾರಿನೊಡನೆ ಸರಣಿಯಲ್ಲಿ ಒಂದು ರೋಧಕವನ್ನು ಸೇರಿಸುವುದು. ಆಗ 13 ವೋಲ್ಟುಗಳಲ್ಲಿ ಒಂದು ಭಾಗವು ರೋಧಕದಲ್ಲಿ ವ್ಯಯವಾಗಿ, ಉಳಿದದ್ದು ಮಾತ್ರ ಮೋಟಾರಿಗೆ ಸೇರುತ್ತದೆ.

ಮಿತ್ರರ ಕಾರಿನಲ್ಲಿ ಇಂತಹ ಮೂರು ರೋಧಕಗಳನ್ನು ಒಂದೇ ಹಲಗೆಯ ಮೇಲೆ ಕೂರಿಸಿದ್ದರು. ಈ ಕಟ್ಟನ್ನು ಕಾರು ರಿಪೇರಿ ಮಾಡುವವರು 'ರೆಸಿಸ್ಟರ್' ಎಂದೇ ಕರೆಯುತ್ತಾರೆ. ರೋಧಕಗಳೆಂದರೆ ಬೇರೇನೂ ಅಲ್ಲ, ಸ್ಪ್ರಿಂಗಿನಂತೆ ಸುತ್ತಿದ ಮಿಶ್ರಲೋಹದ ತಂತಿಗಳು. ಕಾದಾಗಲೂ ತನ್ನ ರೋಧವನ್ನು ಹೆಚ್ಚಾಗಿ ಬದಲಾಯಿಸದ ಲೋಹವನ್ನೇ ಇದಕ್ಕೆ ಆರಿಸುತ್ತಾರೆ.

ಈಗ ವಿದ್ಯುತ್ತಿನ ದಾರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಬ್ಯಾಟರಿಯ ಧನಾಗ್ರದಿಂದ ಹೊರಟ ಪ್ರವಾಹವು ಫ್ಯೂಸನ್ನು ದಾಟಿ ಮೋಟಾರನ್ನು ಹೊಗುತ್ತದೆ. ಮೋಟಾರಿನಿಂದ ಹೊರಬಿದ್ದ ಮೇಲೆ ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಯಾವ ಅಡ್ಡಿಯೂ ಇಲ್ಲದೆ ನೆಟ್ಟಗೆ ಗುಂಡಿಯ ನಾಲ್ಕನೆಯ ಸ್ಥಾನಕ್ಕೆ ಹೋಗುತ್ತದೆ. ಇನ್ನೊಂದು ಕವಲು ರೋಧಕಗಳ ಕಟ್ಟನ್ನು ಪ್ರವೇಶಿಸುತ್ತದೆ. ಅಲ್ಲಿ ಮೊದಲು ಒಂದು ಪುಟ್ಟ ಉಷ್ಣ ಫ್ಯೂಸು. ಅದರ ಬಳಿಕ 0.4 ಓಮ್ ರೋಧದ ಮೊದಲನೆಯ ಸುರುಳಿ; ಅದರ ತುದಿಯಿಂದ ಒಂದು ತಂತಿ ಗುಂಡಿಯ ಮೂರನೆಯ ಸ್ಥಾನಕ್ಕೆ. ಮುಂದೆ 0.8 ಓಮಿನ ಎರಡನೆಯ ಸುರುಳಿ. ಅದರ ತುದಿಯಿಂದ ಎರಡನೆಯ ಸ್ಥಾನಕ್ಕೆ ತಂತಿ. ಕೊನೆಯಲ್ಲಿ 1.2 ಓಮಿನ ಮೂರನೆಯ ಸುರುಳಿ. ಅದರ ತುದಿಯಿಂದ ಒಂದನೆಯ ಸ್ಥಾನಕ್ಕೆ ತಂತಿ. ಗುಂಡಿಯು ಮಾಡುವ ಕೆಲಸವೆಂದರೆ ಈ ನಾಲ್ಕು ತಂತಿಗಳಲ್ಲಿ ನಮಗೆ ಬೇಕಾದ ಒಂದನ್ನು ಕಾರಿನ ಒಡಲಿಗೆ, ಎಂದರೆ ಬ್ಯಾಟರಿಯ ಋಣಾಗ್ರಕ್ಕೆ, ಜೋಡಿಸುವುದು ಮಾತ್ರ. ಕೆಲವು ಕಾರುಗಳಲ್ಲಿ ಗುಂಡಿ ಮತ್ತು ರೋಧಕಗಳು ಮೋಟಾರಿಗಿಂತ ಮೊದಲೇ ಇರುತ್ತವೆ. ಅಲ್ಲಿಯೂ ತತ್ತ್ವವೇನೂ ಬೇರೆಯಾಗುವುದಿಲ್ಲ.

ಆದುದರಿಂದ ಮೂರನೆಯ ವೇಗದಲ್ಲಿ ಪ್ರವಾಹವು 0.4 ಓಮನ್ನೂ, ಎರಡನೆಯ ವೇಗದಲ್ಲಿ 0.4 ಮತ್ತು 0.8 ಸೇರಿ 1.2 ಓಮನ್ನೂ, ಒಂದನೆಯ ವೇಗದಲ್ಲಿ ಮೂರೂ ಸೇರಿ 2.4 ಓಮನ್ನೂ ದಾಟಬೇಕಾಗುತ್ತದೆ. ನಾಲ್ಕನೆಯ ವೇಗಕ್ಕೆ ಮಾತ್ರ ಈ ಕಟ್ಟಿನ ಹಂಗಿಲ್ಲ.

ಕೆಲಸ ಮಾಡುವ ಭಾಗವು ನುಡಿಯುವ ಸಾಕ್ಷ್ಯ

ಇಷ್ಟು ತಿಳಿದ ಮೇಲೆ, ಯಾವ ಉಪಕರಣವನ್ನೂ ಮುಟ್ಟದೆ ಅರ್ಧ ಪತ್ತೇದಾರಿಯನ್ನು ಮುಗಿಸಬಹುದು. ನಾಲ್ಕನೆಯ ವೇಗದಲ್ಲಿ ಬೀಸಣಿಗೆ ತಿರುಗುತ್ತದೆಯಷ್ಟೆ. ಹಾಗಾದರೆ ಫ್ಯೂಸು ಸರಿಯಾಗಿದೆ, ಮೋಟಾರು ಸುಟ್ಟಿಲ್ಲ, ಒಡಲಿನ ಜೋಡಣೆಯೂ ಇದೆ. ಇವುಗಳಲ್ಲಿ ಯಾವುದು ಕಡಿದುಹೋಗಿದ್ದರೂ ನಾಲ್ಕನೆಯ ವೇಗವೂ ಇರುತ್ತಿರಲಿಲ್ಲ. ಕೆಳಗಿನ ಮೂರು ವೇಗಗಳು ಒಟ್ಟಿಗೆ ನಿಂತಿವೆ. ಮೂರು ಬೇರೆ ಬೇರೆ ಭಾಗಗಳು ಒಂದೇ ದಿನ ಕೆಡುವುದು ಅಪರೂಪ. ಆ ಮೂರಕ್ಕೂ ಸಾಮಾನ್ಯವಾದ, ನಾಲ್ಕನೆಯದಕ್ಕೆ ಮಾತ್ರ ಬೇಡವಾದ ಒಂದು ಭಾಗವನ್ನು ನಾವು ಹುಡುಕಬೇಕು.

ತೂಬಿನಿಂದ ಹೊರಟ ಒಂದು ಕಾಲುವೆಯು ಸಾಲಾಗಿ ಮೂರು ತೋಟಗಳ ಮುಂದೆ ಹರಿಯುತ್ತಿದೆಯೆಂದು ಭಾವಿಸೋಣ. ಮೂರನೆಯ ತೋಟಕ್ಕೆ ಮಾತ್ರ ನೀರಿಲ್ಲವೆಂದರೆ ಕಾಲುವೆ ಕೊನೆಯಲ್ಲಿ ಕಟ್ಟಿಕೊಂಡಿದೆ. ಮೂರಕ್ಕೂ ನೀರಿಲ್ಲವೆಂದರೆ ಮೊದಲ ತೋಟಕ್ಕಿಂತ ಮುಂಚೆಯೇ ಎಲ್ಲಿಯೋ ಕಟ್ಟಿಕೊಂಡಿದೆ. ನಮ್ಮ ಕಟ್ಟಿನಲ್ಲಿಯೂ ಹಾಗೆಯೇ. 1.2 ಓಮಿನ ಸುರುಳಿ ಕಡಿದರೆ ಒಂದನೆಯ ವೇಗ ಮಾತ್ರ ಹೋಗುತ್ತದೆ. 0.8 ಓಮಿನದು ಕಡಿದರೆ ಒಂದು ಮತ್ತು ಎರಡನೆಯವು ಹೋಗಿ, ಮೂರನೆಯದು ಉಳಿಯುತ್ತದೆ. ಮೂರೂ ಹೋಗಬೇಕಾದರೆ 0.4 ಓಮಿನ ಸುರುಳಿಯೋ, ಅದಕ್ಕೂ ಮುಂದಿರುವ ಉಷ್ಣ ಫ್ಯೂಸೋ, ಇಲ್ಲವೆ ಮೋಟಾರಿನಿಂದ ಕಟ್ಟಿಗೆ ಬರುವ ತಂತಿಯ ಜೋಡಣೆಯೋ ಕಡಿದಿರಬೇಕು. ಇವುಗಳಲ್ಲಿ ಉಷ್ಣ ಫ್ಯೂಸಿನ ಮೇಲೆಯೇ ಅನುಮಾನ ಹೆಚ್ಚು. ಏಕೆಂದರೆ ಕಡಿದುಹೋಗುವುದಕ್ಕೆಂದೇ ಅದನ್ನು ಅಲ್ಲಿ ಇಟ್ಟಿರುತ್ತಾರೆ.

ಊಹೆಯನ್ನು ಅಳತೆಯಿಂದ ದೃಢಪಡಿಸುವುದು

ಊಹೆ ಎಷ್ಟೇ ಸಮಂಜಸವಾಗಿದ್ದರೂ ಅಳೆದು ನೋಡದೆ ಭಾಗವನ್ನು ಕೊಳ್ಳಬಾರದು. ಗುಬ್ಬಿಯಿಂದ ಮಿತ್ರರು ಕರೆತಂದ ಮೆಕ್ಯಾನಿಕ್ಕನು ಅನುಭವಸ್ಥನು. ಅವನು ಎಡಗಡೆಯ ಆಸನದ ಮುಂದಿರುವ ಸಾಮಾನಿನ ಗೂಡನ್ನು ಕಳಚಿ, ಬೀಸಣಿಗೆಯ ಗಾಳಿಪೆಟ್ಟಿಗೆಯ ಪಕ್ಕದಲ್ಲಿದ್ದ ರೋಧಕಗಳ ಕಟ್ಟನ್ನು ನಮಗೆ ತೋರಿಸಿದನು. ಜೋಡಣೆಯನ್ನು ಬಿಚ್ಚದೆಯೇ, ಯಂತ್ರವನ್ನು ಓಡಿಸದೆ ಕೀಲಿಯನ್ನು ಮಾತ್ರ ತಿರುಗಿಸಿ, ವೇಗದ ಗುಂಡಿಯನ್ನು ಎರಡರಲ್ಲಿಟ್ಟೆವು. ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಒಡಲಿಗೆ ಹಿಡಿದು, ಕೆಂಪು ಕಡ್ಡಿಯನ್ನು ಮೋಟಾರಿನಿಂದ ಕಟ್ಟಿಗೆ ಬರುವ ತಂತಿಗೆ ಮುಟ್ಟಿಸಿದಾಗ 12.4 ವೋಲ್ಟು ತೋರಿತು. ಅದೇ ಕೆಂಪು ಕಡ್ಡಿಯನ್ನು ಕಟ್ಟಿನಿಂದ ಗುಂಡಿಯ ಎರಡನೆಯ ಸ್ಥಾನಕ್ಕೆ ಹೋಗುವ ತಂತಿಗೆ ಮುಟ್ಟಿಸಿದಾಗ ಸೊನ್ನೆ.

ಈ ಎರಡು ಅಂಕೆಗಳ ಅರ್ಥವನ್ನು ವಿದ್ಯಾರ್ಥಿಗಳು ನಿಧಾನವಾಗಿ ವಿಚಾರ ಮಾಡಬೇಕು. ಪ್ರವಾಹ ಹರಿಯದಿದ್ದಾಗ ಮೋಟಾರಿನಲ್ಲಿ ವೋಲ್ಟು ಇಳಿಯುವುದಿಲ್ಲ. ಆದುದರಿಂದ ಬ್ಯಾಟರಿಯ ಪೂರ್ತಿ ವೋಲ್ಟು ಮೋಟಾರನ್ನು ದಾಟಿ ಕಟ್ಟಿನ ಬಾಗಿಲಿನವರೆಗೂ ಬಂದು ನಿಂತಿದೆ. ಗುಂಡಿಯ ಕಡೆಯ ತಂತಿಯಲ್ಲಿ ಸೊನ್ನೆಯೆಂದರೆ, ಗುಂಡಿಯು ಆ ತಂತಿಯನ್ನು ಒಡಲಿಗೆ ಸರಿಯಾಗಿ ಜೋಡಿಸಿದೆ. ಕಟ್ಟಿನ ಒಂದು ಮಗ್ಗುಲಲ್ಲಿ 12.4, ಇನ್ನೊಂದು ಮಗ್ಗುಲಲ್ಲಿ ಸೊನ್ನೆ. ಎಂದರೆ ದಾರಿ ಕಡಿದಿರುವುದು ಕಟ್ಟಿನ ಒಳಗೆ. ಒಂದು ವೇಳೆ ಗುಂಡಿಯೇ ಕೆಟ್ಟಿದ್ದರೆ ಎರಡು ಕಡೆಯಲ್ಲಿಯೂ 12.4 ವೋಲ್ಟೇ ತೋರುತ್ತಿತ್ತು.

ಅನಂತರ ಕಟ್ಟನ್ನು ಹೊರತೆಗೆದು ಸುರುಳಿಗಳ ರೋಧವನ್ನು ಅಳೆದೆವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಮೀಟರಿನ ಕಡ್ಡಿಗಳ ತಂತಿಗೇ ಒಂದೆರಡು ದಶಾಂಶ ಓಮಿನಷ್ಟು ರೋಧವಿರುತ್ತದೆ. 0.4 ಓಮನ್ನು ಅಳೆಯುವಾಗ ಇದು ಅಲಕ್ಷ್ಯ ಮಾಡುವ ಮಾತಲ್ಲ. ಮೊದಲು ಎರಡು ಕಡ್ಡಿಗಳನ್ನೂ ಒಂದಕ್ಕೊಂದು ಮುಟ್ಟಿಸಿ, ಬಂದ ಅಂಕೆಯನ್ನು ಮುಂದಿನ ಪ್ರತಿ ಅಳತೆಯಿಂದಲೂ ಕಳೆಯಬೇಕು. ಹಾಗೆ ಕಳೆದಾಗ ಎರಡನೆಯ ಸುರುಳಿ 0.8, ಮೂರನೆಯದು 1.2, ಮೊದಲನೆಯದು ಕೂಡ 0.4 ಓಮ್ ತೋರಿದವು. ಸುರುಳಿಗಳೆಲ್ಲವೂ ಸರಿಯಾಗಿಯೇ ಇದ್ದವು. ಉಷ್ಣ ಫ್ಯೂಸಿನ ಎರಡು ತುದಿಗಳ ನಡುವೆ ಮಾತ್ರ ಮೀಟರು ಕದಲಲಿಲ್ಲ. ದೋಷ ಸಿಕ್ಕಿತು.

ಜೊತೆಗೇ ಜೋಡಣೆಯ ಪ್ಲಾಸ್ಟಿಕ್ಕನ್ನೂ ಪರೀಕ್ಷಿಸಬೇಕು. ಹಿತ್ತಾಳೆಯ ಕಚ್ಚು ಸಡಿಲವಾಗಿ ಅಲ್ಲಿ 0.1 ಓಮಿನಷ್ಟು ರೋಧ ಹುಟ್ಟಿದರೂ, 8 ಆಂಪಿಯರ್ ಹರಿಯುವಾಗ ಆ ಚುಕ್ಕೆಯಷ್ಟು ಜಾಗದಲ್ಲಿ 6 ವಾಟಿಗೂ ಮೀರಿದ ಉಷ್ಣ ಬಿಡುಗಡೆಯಾಗುತ್ತದೆ. ಪ್ಲಾಸ್ಟಿಕ್ಕು ಕಂದಿ ಕರಗಿದ್ದರೆ ಹೊಸ ಕಟ್ಟನ್ನು ಹಳೆಯ ಜೋಡಣೆಗೇ ಸಿಕ್ಕಿಸುವುದು ವ್ಯರ್ಥ. ಮಿತ್ರರ ಕಾರಿನಲ್ಲಿ ಜೋಡಣೆ ಚೊಕ್ಕಟವಾಗಿತ್ತು.

ಉಷ್ಣದ ಲೆಕ್ಕ

ಮೆಕ್ಯಾನಿಕ್ಕನ ಜೊತೆಗೆ ಬಂದಿದ್ದ ಹುಡುಗನು ಆಗ, "ಅಣ್ಣ, ಫ್ಯೂಸಿನ ಮೇಲೆ ಒಂದು ತಾಮ್ರದ ತಂತಿ ಸುತ್ತಿಬಿಡೋಣ, ಮೂರು ವೇಗವೂ ಬಂದುಬಿಡ್ತದೆ" ಎಂದನು. ಅವನ ಮಾತು ಸುಳ್ಳಲ್ಲ. ವೇಗಗಳು ಖಂಡಿತ ಬರುತ್ತಿದ್ದವು. ಹಾಗೆ ಮಾಡಿಸಿಕೊಂಡು ತಿರುಗುವ ಕಾರುಗಳೂ ಇಲ್ಲದಿಲ್ಲ. ಮೆಕ್ಯಾನಿಕ್ಕನು, "ಬೇಡ ಕಣೋ, ಅದು ಯಾಕೆ ಹೋಯ್ತು ಅಂತ ಮೊದಲು ನೋಡು" ಎಂದು ಗದರಿದನು. ಈ ಗದರಿಕೆಯ ಹಿಂದಿರುವ ವಿಜ್ಞಾನವೇ ಈ ಪಾಠದ ತಿರುಳು.

ನಾಲ್ಕನೆಯ ವೇಗದಲ್ಲಿ, ಎಲ್ಲವೂ ಸರಿಯಾಗಿದ್ದಾಗ, ಈ ಮೋಟಾರಿನಲ್ಲಿ 13 ಆಂಪಿಯರ್ ಪ್ರವಾಹ ಹರಿಯುತ್ತದೆ. ಮೋಟಾರಿನ ಮತ್ತು ತಂತಿಗಳ ಸ್ವಂತ ರೋಧ ಸೇರಿ ಸುಮಾರು 0.2 ಓಮ್ ಮಾತ್ರ. ಓಮನ ನಿಯಮವನ್ನು ನೇರವಾಗಿ ಹಚ್ಚಿದರೆ 13 ವೋಲ್ಟಿಗೆ 65 ಆಂಪಿಯರ್ ಹರಿಯಬೇಕಾಗಿತ್ತು. ಆದರೆ ಹರಿಯುವುದು 13 ಮಾತ್ರ. ಇದೇಕೆ? ತಿರುಗುವ ಮೋಟಾರು ತಾನೇ ಒಂದು ಡೈನಮೋವಿನಂತೆ ವರ್ತಿಸಿ, ಬ್ಯಾಟರಿಗೆ ಎದುರಾಗಿ ಹಿಮ್ಮುಖ ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಈ ಹಿಮ್ಮುಖ ವೋಲ್ಟೇಜು ಹೆಚ್ಚು. ಮೋಟಾರು ನಿಂತರೆ ಅದು ಸೊನ್ನೆ. ಪ್ರವಾಹವನ್ನು ಹತೋಟಿಯಲ್ಲಿ ಇಡುವುದು ಮೋಟಾರಿನ ತಂತಿಯಲ್ಲ, ಅದರ ತಿರುಗಾಟ. ಈ ಮಾತನ್ನು ನೆನಪಿನಲ್ಲಿ ಇಡಬೇಕು.

ಬೀಸಣಿಗೆಯ ಹೊರೆಯನ್ನೂ ಹಿಮ್ಮುಖ ವೋಲ್ಟೇಜನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ, ಒಂದನೆಯ ವೇಗದಲ್ಲಿ 3 ಆಂಪಿಯರ್, ಎರಡನೆಯದರಲ್ಲಿ 4.8, ಮೂರನೆಯದರಲ್ಲಿ 8 ಆಂಪಿಯರ್ ಹರಿಯುತ್ತದೆಂದು ಕಂಡುಬರುತ್ತದೆ. ಜೂಲನ ನಿಯಮದಂತೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ರೋಧಕದಲ್ಲಿ ಪ್ರತಿ ಸೆಕೆಂಡಿಗೆ ಹುಟ್ಟುವ ಉಷ್ಣ ತಿಳಿಯುತ್ತದೆ. ಎರಡನೆಯ ವೇಗಕ್ಕೆ:

4.8 × 4.8 × 1.2 = 27.6 ವಾಟ್

ಇದೇ ರೀತಿ ಒಂದನೆಯ ವೇಗಕ್ಕೆ ಸುಮಾರು 22, ಮೂರನೆಯದಕ್ಕೆ ಸುಮಾರು 26 ವಾಟ್ ಬರುತ್ತವೆ. ಅತ್ಯಂತ ನಿಧಾನವಾದ ವೇಗದಲ್ಲಿಯೇ ರೋಧಕವು ಅತ್ಯಂತ ಹೆಚ್ಚು ಕಾಯುತ್ತದೆಂದು ಅನೇಕರು ಎಣಿಸುವುದುಂಟು. ಇಲ್ಲಿ ಹಾಗಲ್ಲವೆಂಬುದನ್ನು ಗಮನಿಸಬಹುದು.

ಒಂದು ಸಣ್ಣ ಬೆಸುಗೆಯ ಕಡ್ಡಿಯನ್ನು ಕಾಯಿಸುವುದಕ್ಕೆ 25 ವಾಟ್ ಸಾಕು. ಅಷ್ಟು ಉಷ್ಣವನ್ನು ಸದಾ ಸಹಿಸಬೇಕಾದ ರೋಧಕಗಳನ್ನು ತಂಪಾಗಿ ಇಡುವುದು ಹೇಗೆ? ಬೀಸಣಿಗೆಯ ಗಾಳಿಯಿಂದಲೇ. ಈ ಕಾರಣಕ್ಕಾಗಿಯೇ ಕಟ್ಟನ್ನು ಗಾಳಿಪೆಟ್ಟಿಗೆಯ ಒಳಕ್ಕೆ, ಗಾಳಿ ಹರಿಯುವ ದಾರಿಯಲ್ಲಿಯೇ ಕೂರಿಸುತ್ತಾರೆ. ತನ್ನಿಂದ ತಡೆಯಲ್ಪಟ್ಟ ಮೋಟಾರಿನ ಗಾಳಿಯಿಂದಲೇ ರೋಧಕವು ತಣ್ಣಗಾಗಬೇಕು. ವ್ಯವಸ್ಥೆಯ ಜಾಣ್ಮೆಯೂ ಅದರ ದೌರ್ಬಲ್ಯವೂ ಇದರಲ್ಲಿಯೇ ಇವೆ.

ಗುಂಡಿ ಎರಡರಲ್ಲಿರುವಾಗ ಬೀಸಣಿಗೆಯೊಳಗೆ ಏನೋ ಸಿಕ್ಕಿಕೊಂಡು ಮೋಟಾರು ಪೂರ್ತಿ ನಿಂತಿತೆಂದು ಭಾವಿಸೋಣ. ಹಿಮ್ಮುಖ ವೋಲ್ಟೇಜು ಮಾಯವಾಯಿತು. ಈಗ ದಾರಿಯಲ್ಲಿರುವುದು 1.2 ಮತ್ತು 0.2, ಒಟ್ಟು 1.4 ಓಮ್. ಪ್ರವಾಹವು 13ನ್ನು 1.4ರಿಂದ ಭಾಗಿಸಿದಷ್ಟು, ಎಂದರೆ 9.3 ಆಂಪಿಯರ್. ರೋಧಕದ ಉಷ್ಣ:

9.3 × 9.3 × 1.2 = 103.8 ವಾಟ್

ಇಪ್ಪತ್ತೆಂಟು ವಾಟಿದ್ದದ್ದು ನೂರನ್ನು ದಾಟಿತು. ಅದೇ ಕ್ಷಣದಲ್ಲಿ ತಂಪು ಮಾಡುವ ಗಾಳಿಯೂ ನಿಂತಿತು. ಸುರುಳಿಗಳು ಕೆಂಪಗೆ ಕಾಯಲು ಹೆಚ್ಚು ಕಾಲ ಬೇಕಿಲ್ಲ. ಈ ಬೀಸಣಿಗೆಯ ಮಂಡಲಕ್ಕೆ ಹಾಕಿದ್ದ ಸಾಧಾರಣ ಫ್ಯೂಸು 30 ಆಂಪಿಯರಿನದು. ಅದರ ಪಾಲಿಗೆ 9.3 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಪೂರ್ಣ ವೇಗದ 13 ಆಂಪಿಯರಿಗಿಂತಲೂ ಅದು ಕಡಮೆ. ಬೆಂಕಿ ಹತ್ತಿದರೂ ಆ ಫ್ಯೂಸು ಹಾರುವುದಿಲ್ಲ. ಪ್ರವಾಹವನ್ನು ನೋಡಿ ಈ ಅಪಾಯವನ್ನು ಗುರುತಿಸಲಾಗದು, ಉಷ್ಣವನ್ನು ನೋಡಿಯೇ ಗುರುತಿಸಬೇಕು. ಅದಕ್ಕಾಗಿಯೇ ಉಷ್ಣ ಫ್ಯೂಸು. ನಿಯಮಿತ ಉಷ್ಣತೆಯನ್ನು, ಹಲವು ಕಟ್ಟುಗಳಲ್ಲಿ 180 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸನ್ನು, ತಲಪಿದೊಡನೆ ಅದರೊಳಗಿನ ವಸ್ತುವು ಕರಗಿ ದಾರಿಯನ್ನು ಕಡಿಯುತ್ತದೆ. ಒಮ್ಮೆ ಕಡಿದ ಮೇಲೆ ಅದು ತಾನಾಗಿ ಪುನಃ ಕೂಡಿಕೊಳ್ಳುವುದಿಲ್ಲ. ಅದರ ಮೇಲೆ ತಾಮ್ರದ ತಂತಿಯನ್ನು ಸುತ್ತಿದರೆ, ಒಣಗಿದ ಎಲೆ ಸೇರಬಹುದಾದ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಕಾವಲಿಲ್ಲದ ಒಂದು ಒಲೆಯನ್ನು ಇಟ್ಟಂತಾಗುತ್ತದೆ.

ಹುಣಿಸೆಯ ಮರದ ಪಾತ್ರ

ಹಾಗಾದರೆ ಮಿತ್ರರ ಕಾರಿನಲ್ಲಿ ಮೂರು ವಾರಗಳೊಳಗೆ ಎರಡನೆಯ ಸಲ ಉಷ್ಣ ಫ್ಯೂಸು ಕಡಿದದ್ದೇಕೆ? ಮೋಟಾರು ಪೂರ್ತಿ ನಿಂತಿರಲಿಲ್ಲ. ನಾಲ್ಕನೆಯ ವೇಗದಲ್ಲಿ ಅದು ಭೋರೆಂದು ತಿರುಗುತ್ತಲೇ ಇತ್ತು. ಆದರೆ ವಿಚಾರಿಸಿದಾಗ ಮಿತ್ರರು ಒಂದು ಮುಖ್ಯ ಸಂಗತಿಯನ್ನು ಹೇಳಿದರು. ಕೆಡುವುದಕ್ಕೆ ಕೆಲವು ದಿನಗಳ ಮೊದಲು ಒಂದನೆಯ ವೇಗದಲ್ಲಿ ಬೀಸಣಿಗೆ ತಿರುಗಲು ತಡವರಿಸುತ್ತಿತ್ತು. ಗುಂಡಿಯನ್ನು ಒಮ್ಮೆ ನಾಲ್ಕಕ್ಕೆ ಒಯ್ದು ಹಿಂದಕ್ಕೆ ತಂದರೆ ಮಾತ್ರ ನಿಧಾನವಾಗಿ ತಿರುಗುತ್ತಿತ್ತು. ನಡುನಡುವೆ ಸಣ್ಣ ಕೀರಲು ಸದ್ದೂ ಕೇಳಿಬರುತ್ತಿತ್ತು.

ಹೊಸ ಕಟ್ಟನ್ನು ಕೂರಿಸಿ, ಯಂತ್ರವನ್ನು ಓಡಿಸಿ ಪ್ರವಾಹವನ್ನು ಅಳೆದೆವು. ಸಾಮಾನ್ಯ ಕೈಮೀಟರುಗಳು ಹೆಚ್ಚೆಂದರೆ 10 ಆಂಪಿಯರನ್ನು ಮಾತ್ರ ಸಹಿಸುತ್ತವೆ. ಅವನ್ನು ಈ ಮಂಡಲದಲ್ಲಿ ಸರಣಿಯಾಗಿ ಸೇರಿಸಬಾರದು. ತಂತಿಯನ್ನು ಕಡಿಯದೆ ಅದರ ಸುತ್ತ ಹಿಡಿದು ನೇರಪ್ರವಾಹವನ್ನು ಅಳೆಯುವ ಇಕ್ಕಳದ ಮೀಟರು ಮೆಕ್ಯಾನಿಕ್ಕನಲ್ಲಿತ್ತು. ನಾಲ್ಕನೆಯ ವೇಗದಲ್ಲಿ ಅದು 16 ಆಂಪಿಯರನ್ನು ತೋರಿಸಿತು, ಇರಬೇಕಾದದ್ದು 13. ಮೂರು ಆಂಪಿಯರ್ ಹೆಚ್ಚಾದರೆ ಏನು ಮಹಾ ಎಂದು ಕೇಳಬಹುದು. ಎರಡನೆಯ ವೇಗದಲ್ಲಿ ಅಳೆದಾಗ ಉತ್ತರ ಸಿಕ್ಕಿತು. ಅಲ್ಲಿ 4.8ರ ಬದಲು 6.4 ಆಂಪಿಯರ್ ಹರಿಯುತ್ತಿತ್ತು.

6.4 × 6.4 × 1.2 = 49.2 ವಾಟ್

ಪ್ರವಾಹವು ಮೂರರಲ್ಲಿ ಒಂದು ಪಾಲು ಏರಿದರೆ, ವರ್ಗದ ನಿಯಮದಿಂದಾಗಿ ಉಷ್ಣವು ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಏರಿತ್ತು. ಅದೇ ಹೊತ್ತಿನಲ್ಲಿ ಬೀಸಣಿಗೆಯ ವೇಗವು ಇರಬೇಕಾದುದರ ಮೂರನೆಯ ಎರಡು ಪಾಲಿಗೂ ಕಡಮೆಯಾಗಿ, ತಂಪಿನ ಗಾಳಿಯೂ ಸೊರಗಿತ್ತು. ಪೂರ್ಣ ವೇಗದಲ್ಲಿ ಬಲಶಾಲಿಯಾದ ಮೋಟಾರು ಘರ್ಷಣೆಯನ್ನು ಮೀರಿಸಿ ತಿರುಗುತ್ತದೆ, ದೋಷ ಮುಚ್ಚಿಹೋಗುತ್ತದೆ. ಕೆಳಗಿನ ವೇಗಗಳಲ್ಲಿ ಅದೇ ಘರ್ಷಣೆ ರೋಧಕದ ಪ್ರಾಣಕ್ಕೆ ಎರವಾಗುತ್ತದೆ. ಹೊಸ ಕಟ್ಟನ್ನು ಉಳಿಸಿಕೊಳ್ಳಬೇಕೆಂದು ಒಡನೆಯೇ ಗುಂಡಿಯನ್ನು ಆರಿಸಿದೆವು.

ಮೋಟಾರನ್ನು ಕೆಳಗಿಳಿಸಿ ನೋಡಿದಾಗ ಕಾರಣ ಕಣ್ಣಿಗೆ ಕಂಡಿತು. ಮುಂಗಾಜಿನ ಬುಡದಲ್ಲಿರುವ ಜಾಲರಿಯ ಮೂಲಕ ಹೊರಗಿನ ಗಾಳಿ ಬೀಸಣಿಗೆಗೆ ಬರುತ್ತದೆ. ಮಾವಿನ ಎಲೆಯೋ ಹಲಸಿನ ಎಲೆಯೋ ಆಗಿದ್ದರೆ ಆ ಜಾಲರಿಯ ಮೇಲೆಯೇ ನಿಲ್ಲುತ್ತಿತ್ತು. ಹುಣಿಸೆಯ ಎಲೆಯ ದಳಗಳು ಅತಿ ಸಣ್ಣವು. ಜಾಲರಿಯಲ್ಲಿ ಲೀಲಾಜಾಲವಾಗಿ ನುಸುಳುತ್ತವೆ. ಅವು ಒಂದು ಮುಷ್ಟಿಯಷ್ಟು ಸೇರಿ, ಹಿಂದಿನ ಮಳೆಯಲ್ಲಿ ತೊಯ್ದು, ಒಣಗಿ, ಬೀಸಣಿಗೆಯ ಚಕ್ರಕ್ಕೂ ಪೆಟ್ಟಿಗೆಗೂ ನಡುವೆ ಗಟ್ಟಿಯಾಗಿ ಉಜ್ಜುತ್ತಿದ್ದವು. ಮೋಟಾರಿನ ಅಚ್ಚು ತಿರುಗುವ ಬುಷ್ಷೂ ಎಣ್ಣೆಯಿಲ್ಲದೆ ಒಣಗಿತ್ತು. ಕಸವನ್ನೆಲ್ಲ ತೆಗೆದು, ಬುಷ್ಷಿಗೆ ಎರಡು ತೊಟ್ಟು ತೆಳುವಾದ ಎಣ್ಣೆ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿದಾಗ ಅದು ಹಗುರವಾಗಿ ಹಲವು ಸುತ್ತು ಹೋಯಿತು. ಅಚ್ಚು ಅಲುಗಾಡುವಷ್ಟು ಬುಷ್ಷು ಸವೆದಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಮೋಟಾರನ್ನೇ ಬದಲಾಯಿಸಬೇಕಾಗುತ್ತದೆ. ಇಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಎಲ್ಲವನ್ನೂ ಜೋಡಿಸಿ ಅಳೆದಾಗ ನಾಲ್ಕನೆಯ ವೇಗದಲ್ಲಿ 13, ಎರಡನೆಯದರಲ್ಲಿ 4.8 ಆಂಪಿಯರ್ ಬಂದವು. ಒಂದನೆಯ ವೇಗದಲ್ಲಿ ಬೀಸಣಿಗೆ ತಡವರಿಸದೆ ಹೊರಟಿತು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಗಾಳಿಯನ್ನು ಸೋಸುವ ಶೋಧಕವು ದೂಳಿನಿಂದ ಕಟ್ಟಿಕೊಂಡರೆ ಮೋಟಾರಿನ ಹೊರೆ ಹೆಚ್ಚುತ್ತದೆಂದು ಹಲವರು ತಿಳಿಯುತ್ತಾರೆ. ಈ ಬಗೆಯ ಉರುಳೆಯ ಬೀಸಣಿಗೆಯಲ್ಲಿ ನಡೆಯುವುದು ಅದಕ್ಕೆ ವಿರುದ್ಧ. ತಳ್ಳಬೇಕಾದ ಗಾಳಿಯೇ ಕಡಮೆಯಾದ್ದರಿಂದ ಹೊರೆ ಇಳಿದು, ಪ್ರವಾಹವೂ ಸ್ವಲ್ಪ ಇಳಿಯುತ್ತದೆ. ಆದರೂ ರೋಧಕಕ್ಕೆ ಅಪಾಯ ತಪ್ಪದು. ಅದನ್ನು ತಣಿಸುವ ಗಾಳಿ ಇನ್ನೂ ಹೆಚ್ಚಾಗಿ ಇಳಿದಿರುತ್ತದೆ. ಆದುದರಿಂದ ಪ್ರವಾಹವು ಸರಿಯಾಗಿದ್ದರೂ ಕಟ್ಟು ಮತ್ತೆ ಮತ್ತೆ ಸುಡುತ್ತಿದ್ದರೆ ಶೋಧಕವನ್ನು ತೆಗೆದು ನೋಡಬೇಕು.

ರೋಧಕಗಳಿಲ್ಲದ ಕಾರುಗಳು

ಮೇಲಿನ ತರ್ಕವೆಲ್ಲ ಮೂರು ನಾಲ್ಕು ನಿಶ್ಚಿತ ವೇಗಗಳುಳ್ಳ ಕಾರುಗಳಿಗೆ ಅನ್ವಯಿಸುತ್ತದೆ. ಉಷ್ಣತೆಯನ್ನು ತಾನೇ ನಿಯಂತ್ರಿಸುವ ಅನೇಕ ಕಾರುಗಳಲ್ಲಿ ಸುರುಳಿಗಳ ಬದಲು ಟ್ರಾನ್ಸಿಸ್ಟರು ಇರುತ್ತದೆ. ಅದು ಪ್ರವಾಹವನ್ನು ಸೆಕೆಂಡಿಗೆ ಅನೇಕ ಸಲ ಬಿಟ್ಟು ಹಿಡಿದು, ಇಲ್ಲವೆ ಭಾಗಶಃ ತಡೆದು ವೇಗವನ್ನು ನಿರ್ಧರಿಸುತ್ತದೆ. ಇಂತಹ ಕಾರಿನಲ್ಲಿಯೂ ಬೀಸಣಿಗೆ ಪೂರ್ಣ ವೇಗದಲ್ಲಿ ಮಾತ್ರ ತಿರುಗುವುದುಂಟು. ಆದರೆ ಕಾರಣವು ತಲೆಕೆಳಗು. ಸುರುಳಿಯ ಕಟ್ಟಿನಲ್ಲಿ ದಾರಿ ಕಡಿದಿರುತ್ತದೆ. ಟ್ರಾನ್ಸಿಸ್ಟರು ಕೆಟ್ಟಾಗ ಹಲವೊಮ್ಮೆ ದಾರಿ ಮುಚ್ಚಲಾಗದಂತೆ ತೆರೆದುಕೊಂಡುಬಿಡುತ್ತದೆ. ಗುರುತು ಹಿಡಿಯುವ ಬಗೆ ಸುಲಭ. ಗುಂಡಿಯನ್ನು ಕೆಳಗಿನ ವೇಗಕ್ಕೆ ತಂದಾಗ ಬೀಸಣಿಗೆ ನಿಂತರೆ ಅದು ಕಡಿದ ದಾರಿ. ಕೆಳಗೆ ತಂದರೂ ನಿಲ್ಲದೆ ಭೋರ್ಗರೆಯುತ್ತಲೇ ಇದ್ದರೆ ಅದು ಕೆಟ್ಟ ಟ್ರಾನ್ಸಿಸ್ಟರಿನ ಲಕ್ಷಣ. ಅಲ್ಲಿ ಓಮ್ ಮೀಟರಿನಿಂದ ಸುರುಳಿಗಳನ್ನು ಅಳೆಯುವ ಮಾತೇ ಬರುವುದಿಲ್ಲ.

ನಾಲ್ಕನೆಯ ವೇಗವೊಂದೇ ಉಳಿದ ಕಾರನ್ನು ಓಡಿಸಬಾರದೆಂದೇನೂ ಇಲ್ಲ. ಮಳೆಗಾಲದಲ್ಲಿ ಮುಂಗಾಜಿನ ಮಂಜನ್ನು ಕಳೆಯಲು ಬೇಕಾದ ಗಾಳಿ ಆ ವೇಗದಿಂದಲೇ ದೊರೆಯುತ್ತದೆ, ಕಡಿದ ಕಟ್ಟಿನಲ್ಲಿ ಪ್ರವಾಹವೇ ಹರಿಯದುದರಿಂದ ಅದು ಕಾಯುವುದೂ ಇಲ್ಲ. ತಾಳ್ಮೆಯಿಂದ ಕಾರಣವನ್ನು ಹುಡುಕುವಷ್ಟು ಕಾಲಾವಕಾಶವನ್ನು ಆ ಪುಟ್ಟ ಫ್ಯೂಸು ನಮಗೆ ಒದಗಿಸಿಕೊಟ್ಟಿರುತ್ತದೆ. ಮಿತ್ರರು ಈಗ ಕಾರನ್ನು ಹುಣಿಸೆಯ ಮರದ ಕೆಳಗಿನಿಂದ ತೆಂಗಿನ ಗರಿಯ ಚಪ್ಪರಕ್ಕೆ ಬದಲಾಯಿಸಿದ್ದಾರೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಇದೇ ಕಾರಿನಲ್ಲಿ ಗುಂಡಿ ಮೂರನೆಯ ಸ್ಥಾನದಲ್ಲಿರುವಾಗ ಮೋಟಾರು ಪೂರ್ತಿ ನಿಂತರೆ ಎಷ್ಟು ಪ್ರವಾಹ ಹರಿಯುತ್ತದೆ? 0.4 ಓಮಿನ ಸುರುಳಿಯೊಂದರಲ್ಲಿಯೇ ಎಷ್ಟು ಉಷ್ಣ ಹುಟ್ಟುತ್ತದೆ? 30 ಆಂಪಿಯರಿನ ಫ್ಯೂಸು ಆಗಲಾದರೂ ಹಾರುತ್ತದೆಯೆ? ಲೆಕ್ಕ ಹಾಕಿ ನೋಡಿದವರಿಗೆ, ಸುಮಾರು 22 ಆಂಪಿಯರ್ ಮತ್ತು 188 ವಾಟ್ ಎಂಬ ಉತ್ತರದೊಡನೆ, ಆ ಹುಡುಗನ ತಾಮ್ರದ ತಂತಿಯನ್ನು ಮೆಕ್ಯಾನಿಕ್ಕನು ಏಕೆ ಬೇಡವೆಂದನೆಂಬುದೂ ಸ್ಪಷ್ಟವಾಗುವುದು.